ಚೊಂಬಿನಲ್ಲಿ ಕದ್ದು, ಲಕೋಟೆಯಲ್ಲಿ ಕೊಟ್ಟು

ಅರಸೀಕೆರೆ ಕಡೆಯ ನಮ್ಮೂರಿನ ಡೇರಿಯಲ್ಲಿ ತೂಕದ ಯಂತ್ರಕ್ಕೆ ಕಣ್ಣಿದೆ, ಪುಸ್ತಕಕ್ಕೆ ಇಲ್ಲ. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ಹಾಲು ಸುರಿದಾಗ ಯಂತ್ರ 4.27 ಎಂದಿತು. ಪುಸ್ತಕಕ್ಕೆ ಬಂದದ್ದು 4.2. ಆ ಏಳು ಎಲ್ಲಿಗೆ ಹೋಯಿತು ಎಂದು ಕೇಳಿದೆ. "ದಶಮಾಂಶದ ಎರಡನೇ ಮನೆ ನಮ್ಮಲ್ಲಿ ಇಲ್ಲ ಸ್ವಾಮಿ" ಎಂದರು ಕಾರ್ಯದರ್ಶಿ, ಊರಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ ಎನ್ನುವ ಧಾಟಿಯಲ್ಲಿ.

ಮನೆಯಿಲ್ಲದ ಈ ಹನಿಗಳು ಸರಾಸರಿ 50 ಮಿಲಿಲೀಟರ್ ಎಂದಿಟ್ಟುಕೊಳ್ಳಿ. 180 ಸದಸ್ಯರು, ದಿನಕ್ಕೆ ಎರಡು ಹೊತ್ತು: 18 ಲೀಟರ್. ವರ್ಷಕ್ಕೆ 6,570 ಲೀಟರ್. ಲೀಟರಿಗೆ 35 ರೂಪಾಯಿಯಂತೆ ಎರಡು ಲಕ್ಷ ಮೂವತ್ತು ಸಾವಿರದ ಹತ್ತಿರ. ಒಕ್ಕೂಟ ಮಾತ್ರ ಕ್ಯಾನಿನಲ್ಲಿ ಬಂದದ್ದನ್ನೆಲ್ಲ ತೂಗಿ ಹಣ ಕೊಡುತ್ತದೆ. ಅಲ್ಲಿಯ ಕಿಲೋವನ್ನು 1.03ರಿಂದ ಭಾಗಿಸಿ ಲೀಟರ್ ಮಾಡಿಕೊಂಡರೂ, ಕೊಂಡದ್ದಕ್ಕಿಂತ ಮಾರಿದ್ದೇ ಹೆಚ್ಚು. ಹಸು ಕರೆದಷ್ಟು ಸಾಲದೆಂದು ದಾರಿಯಲ್ಲಿ ಕ್ಯಾನೇ ಕರೆಯುತ್ತದೆ!

ಆಡಿಟರು ವ್ಯಾಪಾರ ಖಾತೆ ತೆರೆದರೆ ಈ ಸಾಲು ಕಣ್ಣಿಗೆ ಬೀಳಲೇಬೇಕು. ಬಿದ್ದಿದೆ ಕೂಡ. "ಹಾಲಿನ ಪ್ರಮಾಣದ ವ್ಯತ್ಯಾಸಕ್ಕೆ ವಿವರಣೆ ನೀಡುವುದು, ಸಾದಿಲ್ವಾರು ಖರ್ಚಿಗೆ ವೋಚರ್ ಲಗತ್ತಿಸುವುದು" ಎಂದು ವರದಿಯಲ್ಲಿ ಬರೆದಿದ್ದರು. ನಮ್ಮವರ ಉತ್ತರ: "ಮುಂದಿನ ಸಾಲಿನಲ್ಲಿ ಸರಿಪಡಿಸಲಾಗುವುದು." ಮರುವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಇಸವಿಯನ್ನಷ್ಟೇ ತಿದ್ದಿದ್ದರು, ಅದೂ ಬಿಳಿ ಶಾಯಿ ಬಳಿದು.

ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಮುಗಿಯಬೇಕಲ್ಲ, ಶಾಮಿಯಾನ ಬಂತು. ನಿವ್ವಳ ಲಾಭದಲ್ಲಿ ಕಾಲು ಭಾಗ ಕಾಯ್ದಿಟ್ಟ ನಿಧಿಗೆ, ಇನ್ನಿತರ ನಿಧಿಗಳಿಗೆ ಚೂರುಪಾರು, ದೊಡ್ಡ ಪಾಲು ಬೋನಸ್ಸಿಗೆ. ಒಕ್ಕೂಟ ಕೊಡುವ ಮಾರ್ಜಿನ್ನಿನಿಂದ ಉಳಿದದ್ದೂ ಅದರಲ್ಲಿ ಸೇರಿದೆ, ಸುಳ್ಳು ಹೇಳಬಾರದು. ಆದರೆ ವೇದಿಕೆಯ ಮೇಲಿನ ಮುಖಗಳನ್ನು ನೋಡಿದರೆ ಅಷ್ಟೂ ದುಡ್ಡನ್ನು ನಿರ್ದೇಶಕರು ತಮ್ಮ ಅಡಕೆ ಮಾರಿ ತಂದಂತಿತ್ತು.

ನಿಜವಾದ ಕೈಚಳಕ ಹಂಚಿಕೆಯಲ್ಲಿದೆ. ಹೊತ್ತಿಗೆ ನಾಲ್ಕು ಲೀಟರ್ ಹಾಕುವ ಅಜ್ಜಿ ಕಳೆದುಕೊಳ್ಳುವುದೂ ಅದೇ 50 ಮಿಲಿ, ಇಪ್ಪತ್ತು ಲೀಟರ್ ಹಾಕುವ ಅಧ್ಯಕ್ಷರು ಕಳೆದುಕೊಳ್ಳುವುದೂ ಅದೇ. ಬೋನಸ್ ಮಾತ್ರ ಹಾಲಿನ ಲೆಕ್ಕದಲ್ಲಿ, ಅಂದರೆ ಅವರಿಗೆ ಐದು ಪಟ್ಟು. ಅಜ್ಜಿಯಿಂದ ವರ್ಷಕ್ಕೆ ಹೋದದ್ದು ಮೂವತ್ತಾರೂವರೆ ಲೀಟರ್, ಸುಮಾರು 1,277 ರೂಪಾಯಿ. ಲಕೋಟೆಯಲ್ಲಿ ಬಂದದ್ದು 640. ಜೊತೆಗೆ ಒಂದು ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಅಧ್ಯಕ್ಷರ ಹೆಸರು.

ಮರುದಿನ ಬೆಳಿಗ್ಗೆ ಅಜ್ಜಿ ಅದೇ ಡಬ್ಬಿಯಲ್ಲಿ ಹಾಲು ತಂದಳು. ಯಂತ್ರ 4.18 ಎಂದಿತು. ಕಾರ್ಯದರ್ಶಿ 4.1 ಬರೆದರು.

"ಆ ಎಂಟು ಮುಂದಿನ ಬೋನಸ್ಸಿಗೇನಪ್ಪ?" ಎಂದು ಅಜ್ಜಿ ಕೇಳಿದಳು.

"ಸರದಿ ಬಿಡಿ ಅಜ್ಜಿ, ಹಿಂದೆ ಜನ ಇದ್ದಾರೆ" ಎಂದರು ಅವರು.