ಸುಕನ್ಯಾ ದುಡ್ಡು ಕಾಲೇಜಿಗೆ ಸಿಗುತ್ತಾ?

ಮಗಳಿಗೆ ಏಳು ತುಂಬಿತು. ತಿಂಗಳಿಗೆ ಐದು ಸಾವಿರ ಅವಳಿಗೆ ಅಂತ ಎತ್ತಿಡೋಣ ಎಂದು ಮನೆಯಲ್ಲಿ ಮಾತಾಯಿತು. ಅತ್ತೆ "ಸುಕನ್ಯಾ ಮಾಡಿಸಮ್ಮ, ಸರ್ಕಾರದ್ದು, ಎಲ್ಲೂ ಹೋಗಲ್ಲ" ಅಂದರು. ಹೆಣ್ಣುಮಕ್ಕಳ ಹೆಸರಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ಅದು. ತಮ್ಮ "ಅಕ್ಕಾ, ಇಂಡೆಕ್ಸ್ ಫಂಡಲ್ಲಿ ಎಸ್‌ಐಪಿ ಹಾಕು" ಅಂದ, ಅಂದರೆ ಷೇರುಪೇಟೆ ಸೂಚ್ಯಂಕದ ಜೊತೆ ಏರಿಳಿಯುವ ಫಂಡಿಗೆ ತಿಂಗಳು ತಿಂಗಳು ದುಡ್ಡು ಹಾಕೋದು. ಇಬ್ಬರೂ ಎಷ್ಟು ಬರುತ್ತೆ ಅನ್ನೋದನ್ನೇ ಮಾತಾಡಿದರು. ಯಾವಾಗ ಕೈಗೆ ಬರುತ್ತೆ ಅಂತ ಯಾರೂ ಕೇಳಲಿಲ್ಲ. ನಾನೇ ಪೆನ್ನು ಹಿಡಿದು ಕೂತೆ.

ಸುಕನ್ಯಾ ಖಾತೆಗೆ 15 ವರ್ಷ ದುಡ್ಡು ಕಟ್ಟಬೇಕು, 21 ವರ್ಷಕ್ಕೆ ಅವಧಿ ಮುಗಿಯುತ್ತೆ. ಈ 21 ಮಗಳ ವಯಸ್ಸಲ್ಲ, ಖಾತೆಯ ವಯಸ್ಸು. ತುಂಬಾ ಜನ ಎಡವೋದು ಇಲ್ಲೇ. ಈಗ ಖಾತೆ ತೆರೆದರೆ ನನ್ನ ಮಗಳಿಗೆ 28 ಆದಾಗ ಪೂರ್ತಿ ಹಣ ಬರುತ್ತೆ. ಬಡ್ಡಿ ಶೇ. 8.2ರಲ್ಲೇ ನಿಂತರೆ, ಕಟ್ಟಿದ 9 ಲಕ್ಷ ಸುಮಾರು 27.7 ಲಕ್ಷ ಆಗುತ್ತೆ. ಅದಕ್ಕೆ ತೆರಿಗೆ ಇಲ್ಲ. ಆದರೆ ಬಡ್ಡಿ ನಿಲ್ಲುವಂಥದ್ದಲ್ಲ. 2015-16ರಲ್ಲಿ 9.2 ಇದ್ದದ್ದು 2020ರಲ್ಲಿ 7.6ಕ್ಕೆ ಇಳಿದಿತ್ತು. ಹಳೇ ಖಾತೆಗಳಿಗೂ ಅದೇ ದರ.

ಈಗ ಕಾಲೇಜಿನ ವಿಷಯಕ್ಕೆ ಬನ್ನಿ. ಅವಳಿಗೆ 18 ಆದಾಗ ಖಾತೆಗೆ ಬರೀ 11 ವರ್ಷ. ನಾವು ಕಟ್ಟಿದ್ದು 6.6 ಲಕ್ಷ, ಖಾತೆಯಲ್ಲಿ ಇರೋದು ಸುಮಾರು 10.5 ಲಕ್ಷ. ಓದಿಗೆ ಅಂತ ತೆಗೆಯಲು ಬಿಡೋದು ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಹಣದ ಅರ್ಧ ಮಾತ್ರ, ಅದೂ ಫೀಸಿನ ದಾಖಲೆ ತೋರಿಸಿ. ಅಂದರೆ ಕಟ್ಟಿದ್ದಕ್ಕಿಂತ ಕಡಿಮೆ, ಐದೂಕಾಲು ಲಕ್ಷ. ನಾಲ್ಕು ವರ್ಷದ ಎಂಜಿನಿಯರಿಂಗು, ಹಾಸ್ಟೆಲ್ಲು ಅಂದರೆ ಎಲ್ಲಿ ಸಾಕಾಗುತ್ತೆ?

ಫಂಡಿನ ದುಡ್ಡು ಬೇಕಾದಾಗ ತೆಗೀಬಹುದು. ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5 ತೆರಿಗೆ ಕಟ್ಟಬೇಕು, ಅಷ್ಟೇ. ಆದರೆ ನನಗೆ 2020 ಮರೆತಿಲ್ಲ. ಜನವರಿಯಲ್ಲಿ 12,000 ದಾಟಿದ್ದ ಷೇರು ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂತು. ನವೆಂಬರಿಗೆ ಮತ್ತೆ ಮೇಲೆ ಬಂತು ನಿಜ. ಕಾಲೇಜಿನವರು ಫೀಸಿಗೆ ನವೆಂಬರ್ ತನಕ ಕಾಯ್ತಾರಾ?

ಹಾಗಾಗಿ ನಾನು ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಇಟ್ಟೆ. ಮೂರು ಸಾವಿರ ಇಂಡೆಕ್ಸ್ ಫಂಡಿಗೆ, ಅದು ಓದಿಗೆ. ಅವಳು ಒಂಬತ್ತನೇ ಕ್ಲಾಸಿಗೆ ಬಂದಾಗ ಮೂರನೇ ಒಂದು ಭಾಗ ತೆಗೆದು ಎಫ್‌ಡಿಗೆ ಹಾಕೋದು, ಹತ್ತನೇ ಕ್ಲಾಸಲ್ಲಿ ಉಳಿದದ್ದರ ಅರ್ಧ, ಫಸ್ಟ್ ಪಿಯುಸಿಯಲ್ಲಿ ಪೂರ್ತಿ. ಮಾರ್ಕೆಟ್ ಮೇಲಿದ್ದರೂ ಸರಿ, ಕೆಳಗಿದ್ದರೂ ಸರಿ. ಈ ಫಂಡು ನನ್ನ ಹೆಸರಲ್ಲೇ ಇದೆ. ಅವಳ ಹೆಸರಲ್ಲಿದ್ದರೆ 18 ತುಂಬಿದ ದಿನವೇ ಎಸ್‌ಐಪಿ ನಿಲ್ಲುತ್ತೆ, ಪ್ಯಾನು, ಕೆವೈಸಿ ಎಲ್ಲಾ ಹೊಸದಾಗಿ ಕೊಡೋವರೆಗೂ ದುಡ್ಡು ತೆಗೆಯೋಕಾಗಲ್ಲ.

ಎರಡು ಸಾವಿರ ಸುಕನ್ಯಾಗೆ. ಓದು ಮುಗಿಸಿ ಅವಳು ತನ್ನ ಕಾಲ ಮೇಲೆ ನಿಲ್ಲುವಾಗ, ನಾವ್ಯಾರೂ ಮುಟ್ಟದೆ ಉಳಿದ ಒಂದು ಗಂಟು ಅವಳಿಗೆ ಇರಲಿ ಅಂತ. ಇದರಲ್ಲಿ ಒಂದು ಸೂಕ್ಷ್ಮ ಇದೆ. ತಿಂಗಳ 5ನೇ ತಾರೀಖಿನ ನಂತರ ಕಟ್ಟಿದ ದುಡ್ಡಿಗೆ ಆ ತಿಂಗಳ ಬಡ್ಡಿ ಇಲ್ಲ. ಪ್ರತಿ ತಿಂಗಳೂ ತಡ ಮಾಡುತ್ತಾ ಹೋದರೆ, ಈ ಎರಡು ಸಾವಿರದ ಖಾತೆಯಲ್ಲೇ ಕೊನೆಗೆ ಏಳು ಸಾವಿರದಷ್ಟು ಸುಮ್ನೆ ಹೋಗುತ್ತೆ. ನಾನು ಬ್ಯಾಂಕಿಗೆ 2ನೇ ತಾರೀಖು ಅಂತ ಬರೆದುಕೊಟ್ಟು ಬಂದೆ.