ನಿದ್ದೆ ಗುಳಿಗೆ ಅಂತ ಮಾರೋದು ಅಲರ್ಜಿ ಗುಳಿಗೆನೇ

ನಾನು ನ್ಯೂಜೆರ್ಸಿಲಿ ಫಾರ್ಮಸಿ ಕೌಂಟರಲ್ಲಿ ಕೆಲಸ ಮಾಡ್ತೀನಿ, ಊರು ಶಿರಸಿ ಹತ್ರ. ನಿದ್ದೆ ಬರಲ್ಲ ಅನ್ನೋರು ಎರಡೂ ಕಡೆ ಇದ್ದಾರೆ, ಕೊನೆಗೆ ಅವ್ರ ಕೈಗೆ ಬರೋದೂ ಒಂದೇ ಜಾತಿ ಗುಳಿಗೆ, ಬರೋ ದಾರಿ ಮಾತ್ರ ಬೇರೆ. ಊರಲ್ಲಿ ಮೆಡಿಕಲ್ ಶಾಪಿಗೆ ಹೋಗಿ ನಿದ್ದೆ ಗುಳಿಗೆ ಕೊಡಿ ಅಂದ್ರೆ ಡಾಕ್ಟ್ರ ಚೀಟಿ ಕೇಳ್ತಾರೆ, ಅದು ಸರಿನೇ. ಚೀಟಿ ಇಲ್ದೋರು ಶೀತದ ಗುಳಿಗೆ ಕೇಳಿ ತಗೊಂಡು ಹೋಗ್ತಾರೆ, ಕ್ಲೋರ್‌ಫೆನಿರಮಿನ್ನೋ ಫೆನಿರಮಿನ್ನೋ ಯಾವ್ದೋ ಒಂದು, ಶೀತಕ್ಕಲ್ಲ, ಅದ್ರಿಂದ ಬರೋ ತೂಕಡಿಕೆಗೆ. ಇಲ್ಲಿ ಅದೇ ಜಾತಿ ಔಷಧಿಗೆ ಬೇರೆ ಕಪಾಟೇ ಇದೆ. ಪೆಟ್ಟಿಗೆ ಮೇಲೆ ಚಂದ್ರ, ನಕ್ಷತ್ರ, ರಾತ್ರಿಯ ನೀಲಿ ಬಣ್ಣ. ತಿರುಗಿಸಿ ಓದಿದ್ರೆ ಒಳಗಿರೋದು ಡೈಫೆನ್‌ಹೈಡ್ರಮಿನ್ 50 ಮಿಲಿಗ್ರಾಂ, ಇಲ್ಲಾ ಡಾಕ್ಸಿಲಮಿನ್ 25. ಪಕ್ಕದ ಅಲರ್ಜಿ ಕಪಾಟಲ್ಲಿ ಅದೇ ಡೈಫೆನ್‌ಹೈಡ್ರಮಿನ್ 25 ಮಿಲಿಗ್ರಾಂ ಗುಳಿಗೆಯಾಗಿ ಕೂತಿರುತ್ತೆ.

ಅಲರ್ಜಿ ಆದಾಗ ಮೂಗಲ್ಲಿ ನೀರಿಳಿಸೋ ಹಿಸ್ಟಮಿನ್ ಅನ್ನೋ ರಾಸಾಯನಿಕ ಮೆದುಳಲ್ಲೂ ಇದೆ, ಅಲ್ಲಿ ಅದ್ರ ಕೆಲ್ಸ ನಮ್ಮನ್ನ ಎಚ್ಚರವಾಗಿ ಇಡೋದು. ಈ ಹಳೇ ತಲೆಮಾರಿನ ಔಷಧಿಗಳು ಸುಲಭವಾಗಿ ಮೆದುಳಿಗೆ ನುಗ್ಗಿ ಅಲ್ಲಿನ ಹಿಸ್ಟಮಿನ್‌ಗೆ ಜಾಗ ಸಿಗದ ಹಾಗೆ ಮಾಡ್ತವೆ. ಅಂದ್ರೆ ಇದು ನಿದ್ದೆ ತರೋದಲ್ಲ, ಎಚ್ಚರನ ಅದುಮಿ ಹಿಡಿಯೋದು. ಬಾಗಿಲನ್ನ ಹೊರಗಿಂದ ಒತ್ತಿ ಹಿಡಿದಷ್ಟೂ ಒಳಗಿದ್ದೋರು ಜೋರಾಗಿ ತಳ್ಳೋ ಹಾಗೆ, ದಿನಾ ಅದುಮಿದ್ರೆ ಮೆದುಳೂ ತನ್ನ ಎಚ್ಚರದ ಕಡೆ ಬಲ ಹೆಚ್ಚಿಸ್ಕೊಳ್ಳುತ್ತೆ. ಎಷ್ಟು ಬೇಗ ಅಂದ್ರೆ ನಂಬೋದು ಕಷ್ಟ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಗಂಡಸ್ರಿಗೆ ದಿನಕ್ಕೆ ಎರಡು ಸಲ 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್ ಕೊಟ್ಟು ನೋಡಿದ್ರು. ಮೊದಲ ದಿನ ಎಲ್ರಿಗೂ ಚೆನ್ನಾಗಿ ತೂಕಡಿಕೆ, ನಾಲ್ಕನೇ ದಿನಕ್ಕೆ ಆ ಗುಳಿಗೆಗೂ ಔಷಧಿಯೇ ಇಲ್ಲದ ಖಾಲಿ ಗುಳಿಗೆಗೂ ವ್ಯತ್ಯಾಸ ಕಾಣ್ಲಿಲ್ಲ.

ಈಗ ಇಲ್ಲಿನ ಪೆಟ್ಟಿಗೆ ಮೇಲೆ ಏನ್ ಬರ್ದಿದೆ ನೋಡಿ: ಎರಡು ವಾರ ಬಿಡದೆ ನಿದ್ದೆ ಬರದಿದ್ರೆ ಡಾಕ್ಟ್ರನ್ನ ಕಾಣಿ. ನನ್ನ ತಕರಾರು ಇರೋದೇ ಇಲ್ಲಿ. ನಾಲ್ಕನೇ ದಿನಕ್ಕೆ ಶಕ್ತಿ ಕಳ್ಕೊಳ್ಳಬಹುದಾದ ಗುಳಿಗೆಗೆ ಎರಡು ವಾರದ ಗಡುವು ಕೊಟ್ರೆ, ಉಳಿದ ದಿನಗಳಲ್ಲಿ ಮನುಷ್ಯ ಏನ್ ಮಾಡ್ತಾನೆ? ಒಂದರ ಬದ್ಲು ಎರಡು ನುಂಗ್ತಾನೆ. ಕೌಂಟರಲ್ಲಿ ನಿಂತು ನಾನು ಇದನ್ನೇ ನೋಡ್ತಾ ಬಂದಿದೀನಿ. ಅದ್ರಲ್ಲೂ ನೋವಿನ ಗುಳಿಗೆ ಜೊತೆ ಸೇರ್ಸಿದ ರಾತ್ರಿ ಗುಳಿಗೆಗಳಲ್ಲಿ ಒಂದೊಂದ್ರಲ್ಲಿ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇರೋದುಂಟು, ನಿದ್ದೆಗಂತ ನಾಲ್ಕು ನುಂಗಿದ್ರೆ ಎರಡು ಗ್ರಾಂ ಲಿವರಿಗೆ ಹೋಯ್ತು.

ನಮ್ಮ ಚಿಕ್ಕಪ್ಪನ ವಿಷ್ಯ ಹೇಳ್ತೀನಿ. ಎಪ್ಪತ್ತು ದಾಟಿದೆ, ತೋಟ ನೋಡ್ಕೊಂಡಿದಾರೆ, ಅಡಿಕೆ ಲೆಕ್ಕಕ್ಕೆ ಬೈಕಲ್ಲೇ ಪೇಟೆಗೆ ಹೋಗಿ ಬರ್ತಾರೆ. ಇಲ್ಲಿಂದ ಹೋದ ನೆಂಟರೊಬ್ರು ಚಾಕಲೇಟ್ ಜೊತೆ ಇದೇ ಡೈಫೆನ್‌ಹೈಡ್ರಮಿನ್ 50 ಮಿಲಿಗ್ರಾಂದು ಒಂದು ಡಬ್ಬಿ ಕೊಟ್ಟಿದ್ರಂತೆ. ಫೋನಲ್ಲಿ ನಂಗೆ ಹೇಳಿದ್ದು ಹೀಗೆ, "ಮೊದ್ಲು ಎರಡ್ ದಿನ ಚೊಲೋ ನಿದ್ರೆ ಬಂತು ತಮಾ, ಈಗ ನುಂಗಿದ್ರೂ ಬತ್ತಿಲ್ಲೆ." ಹಿಂದಿಂದ ಚಿಕ್ಕಮ್ಮ, ಇವ್ರು ಬೆಳಗ್ಗೆ ಹೇಳಿದ್ದನ್ನೇ ಹೇಳ್ತಾರೆ, ಬಾಯಿ ಒಣಗ್ತದೆ ಅಂತ ನೀರು ಕುಡಿತಾನೇ ಇರ್ತಾರೆ, ಮೂತ್ರಕ್ಕೆ ಹೋದ್ರೆ ಬೇಗ ಬರೋದಿಲ್ಲ ಅಂತ.

ಲೆಕ್ಕ ಹಾಕಿ ನೋಡೋಣ. ಮೈಯಲ್ಲಿರೋ ಡೈಫೆನ್‌ಹೈಡ್ರಮಿನ್ ಅರ್ಧ ಆಗೋಕೆ ಪ್ರಾಯದವ್ರಿಗೆ ಸುಮಾರು ಒಂಬತ್ತು ಗಂಟೆ ಬೇಕು, ವಯಸ್ಸಾದವ್ರಿಗೆ ಹದಿಮೂರು, ಹದಿಮೂರೂವರೆ ಗಂಟೆ. ಚಿಕ್ಕಪ್ಪ ರಾತ್ರಿ ಹತ್ತಕ್ಕೆ 50 ನುಂಗಿದ್ರೆ ಬೆಳಗ್ಗೆ ಆರಕ್ಕೆ ಏಳುವಾಗ ಹತ್ರ ಹತ್ರ 33 ಮಿಲಿಗ್ರಾಂದಷ್ಟು ಇನ್ನೂ ಉಳ್ದಿರುತ್ತೆ. ಮಾರನೇ ರಾತ್ರಿ ಹತ್ತಕ್ಕೂ 14, 15 ಉಳ್ದಿರುತ್ತೆ, ಅದ್ರ ಮೇಲೆ ಮತ್ತೆ 50. ಹೀಗೇ ನಾಲ್ಕೈದು ದಿನ ಹೋದ್ರೆ ಬೆಳಗ್ಗೆ ಆರಕ್ಕೆ ಉಳಿಯೋದು 45ರ ಆಸುಪಾಸು, ಅಂದ್ರೆ ಹೆಚ್ಚುಕಡ್ಮೆ ಒಂದು ಇಡೀ ಗುಳಿಗೆ ನುಂಗಿ ಬೈಕ್ ಹತ್ತಿದ ಹಾಗೆ. ಇದು ದಪ್ಪ ಲೆಕ್ಕ, ಒಬ್ಬೊಬ್ರ ಲಿವರ್ ಒಂದೊಂದು ಥರ, ಆದ್ರೂ ಬೆಳಗ್ಗೆ ತಲೆ ಯಾಕೆ ಮಂಜು ಕವಿದ ಹಾಗಿರುತ್ತೆ ಅನ್ನೋದು ಇದ್ರಲ್ಲೇ ಗೊತ್ತಾಗುತ್ತೆ. ಊರಿನ ಶೀತದ ಗುಳಿಗೆ ಇದ್ಕಿಂತ ಮೆತ್ತಗೆ ಅಂದ್ಕೋಬೇಡಿ, ಕ್ಲೋರ್‌ಫೆನಿರಮಿನ್ ಅರ್ಧ ಆಗೋಕೆ ಇದಕ್ಕಿಂತ ಹೆಚ್ಚು ಹೊತ್ತು ತಗೊಳ್ಳುತ್ತೆ.

ಹಾಗಾದ್ರೆ ಔಷಧಿ ಮೈಯಲ್ಲಿ ಜಾಸ್ತಿ ಆಗ್ತಾ ಹೋದ್ರೂ ನಿದ್ದೆ ಯಾಕೆ ಬರಲ್ಲ ಅಂತ ಚಿಕ್ಕಪ್ಪನೂ ಕೇಳಿದ್ರು, ಸರಿಯಾದ ಪ್ರಶ್ನೆ. ಮೆದುಳು ಒಗ್ಗಿಕೊಳ್ಳೋದು ಮುಖ್ಯವಾಗಿ ಹಿಸ್ಟಮಿನ್ ಕಡೆ. ಇದೇ ಗುಳಿಗೆ ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದು ರಾಸಾಯನಿಕನೂ ತಡೆಯುತ್ತೆ, ನೆನಪು, ಬಾಯಿಯ ಜೊಲ್ಲು, ಕರುಳು, ಮೂತ್ರಕೋಶ ಎಲ್ಲ ನಡೆಯೋದು ಅದ್ರ ಮೇಲೆ. ವಯಸ್ಸಾದಂತೆ ಮೆದುಳಲ್ಲಿ ಅದ್ರ ದಾಸ್ತಾನು ಮೊದ್ಲೇ ಕಡ್ಮೆ ಆಗಿರುತ್ತೆ. ಹಾಗಾಗಿ ನಿದ್ದೆ ಕೊಡೋ ಗುಣ ಹೋದ್ಮೇಲೂ ಈ ಕಾಟ ಉಳ್ಕೊಳ್ಳುತ್ತೆ. ಅಮೆರಿಕದ ವೃದ್ಧರ ವೈದ್ಯರ ಸಂಘದ ಬಿಯರ್ಸ್ ಪಟ್ಟಿಯಲ್ಲಿ, ವಯಸ್ಸಾದವ್ರಿಗೆ ಬೇಡ ಅನ್ನೋ ಔಷಧಿಗಳ ಸಾಲಲ್ಲಿ ಇದು ಇದೆ, ನಿದ್ರಾತಜ್ಞರ ಅಕಾಡೆಮಿ 2017ರ ಮಾರ್ಗಸೂಚಿಲಿ ನಿದ್ರಾಹೀನತೆಗೆ ಡೈಫೆನ್‌ಹೈಡ್ರಮಿನ್ ಬಳಸಬೇಡಿ ಅಂತಾನೇ ಸಲಹೆ ಕೊಟ್ಟಿದೆ. ಅಷ್ಟಾದ್ರೂ ಆ ಕಪಾಟು ಖಾಲಿ ಆಗಿಲ್ಲ.

ಚಿಕ್ಕಪ್ಪ "ನಂಗೆ ತೂಕಡಿಕೆ ಏನೂ ಇಲ್ಲೆ, ಬೈಕ್ ಆರಾಮಾಗಿ ಹೊಡಿತೆ" ಅಂದಿದ್ದು ಕೇಳಿ ನಂಗೆ ಹೆದ್ರಿಕೆ ಆಯ್ತು. ಐಯೋವಾದಲ್ಲಿ ಡ್ರೈವಿಂಗ್ ಸಿಮ್ಯುಲೇಟರ್ ಮೇಲೆ ಕೂರ್ಸಿ ನೋಡಿದ ಅಧ್ಯಯನ 2000ದಲ್ಲಿ ಬಂತು, 50 ಮಿಲಿಗ್ರಾಂ ತಗೊಂಡೋರು ಚೆನ್ನಾಗಿ ಕುಡಿದಿದ್ದೋರಿಗಿಂತ ಕೆಟ್ಟದಾಗಿ ಗಾಡಿ ಓಡಿಸಿದ್ರು, ತಮಗೆ ಎಷ್ಟು ತೂಕಡಿಕೆ ಇದೆ ಅಂತ ಅವ್ರು ಹೇಳಿದ್ದಕ್ಕೂ ಓಡಿಸಿದ್ದಕ್ಕೂ ತಾಳೆ ಇರ್ಲಿಲ್ಲ.

ಎರಡೂ ಪದ್ಧತಿ ಹೋಲಿಸಿದ್ರೆ ಇಲ್ಲಿನದ್ರಲ್ಲಿ ಒಂದು ಒಳ್ಳೇದಿದೆ, ಪ್ರಾಸ್ಟೇಟ್ ತೊಂದ್ರೆ, ಗ್ಲಾಕೋಮಾ ಇದ್ರೆ ಮೊದ್ಲು ಡಾಕ್ಟ್ರನ್ನ ಕೇಳಿ ಅಂತ ಪೆಟ್ಟಿಗೆ ಮೇಲೆ ಅಚ್ಚಾಗಿರುತ್ತೆ. ಊರಲ್ಲಿ ಕತ್ತರಿಲಿ ಕತ್ತರಿಸಿ ಕೊಟ್ಟ ನಾಲ್ಕು ಗುಳಿಗೆ ತುಂಡಲ್ಲಿ ಎಷ್ಟೋ ಸಲ ಔಷಧಿ ಹೆಸ್ರೂ ಪೂರ್ತಿ ಇರಲ್ಲ. ಆದ್ರೆ ಊರಿನ ಮೆಡಿಕಲ್ ಶಾಪಿನವ್ರಿಗೆ ಮನೆಮಂದಿ ಪರಿಚಯ ಇರುತ್ತೆ, "ನಿಮ್ಗೆ ಮೂತ್ರದ ತೊಂದ್ರೆ ಉಂಟಲ್ಲ, ಇದು ಬೇಡ" ಅಂತ ಹೇಳೋ ಮನುಷ್ಯ ಅಲ್ಲಿದಾನೆ. ಇಲ್ಲಿ ಕಪಾಟಿಂದ ನೇರ ಬಿಲ್ಲಿಂಗ್ ಯಂತ್ರಕ್ಕೆ, ನನ್ನ ಮುಖ ಕೂಡ ನೋಡ್ಬೇಕಿಲ್ಲ. ನನ್ ಕೇಳಿದ್ರೆ ಗುಳಿಗೆನ ಕೌಂಟರ್ ಹಿಂದೆ ಇಟ್ಟು, ಗಡುವನ್ನ ಮೂರು ರಾತ್ರಿಗೆ ಇಳಿಸ್ಬೇಕು.

ಚಿಕ್ಕಪ್ಪಂಗೆ ನಾನು ಹೇಳಿದ್ದು, ಇವತ್ತಿಂದ ನಿಲ್ಸಿ, ಮೂರು ದಿನ ಬೈಕ್ ಬೇಡ, ಅಷ್ಟ್ರಲ್ಲಿ ಮೈಯಿಂದ ಬಹುತೇಕ ಹೋಗುತ್ತೆ. ಎರಡ್ಮೂರು ರಾತ್ರಿ ನಿದ್ದೆ ಮೊದಲಿಗಿಂತ ಕೆಡಬಹುದು, ಅದು ಎಚ್ಚರದ ಕಡೆ ಹೆಚ್ಚಿಸ್ಕೊಂಡ ಬಲ ಇಳಿಯೋ ಹೊತ್ತು, ಗುಳಿಗೆ ಬೇಕೇ ಬೇಕು ಅನ್ನೋಕೆ ಸಾಕ್ಷಿ ಅಲ್ಲ. ವಾರ ಕಳೆದ್ರೂ ಮರೆವು ಹಾಗೇ ಇದ್ರೆ ಬೇರೆ ಕಾರಣ ಇರಬಹುದು, ಡಾಕ್ಟ್ರಿಗೆ ತೋರಿಸ್ಬೇಕು. ಮೂತ್ರ ಪೂರ್ತಿ ಕಟ್ಟಿದ್ರೆ ಮಾತ್ರ ಬೆಳಗಾಗ್ಲಿ ಅಂತ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಚಿಕ್ಕಮ್ಮಂಗೆ ಬೇರೆಯಾಗಿ ಹೇಳಿದೆ.