ತಾಜಾ ಎಂದರೆ ಸಾಲದು, ಎಷ್ಟು ಗಂಟೆಯದು ಎಂದು ಹೇಳಿ

ಬಡಾವಣೆಯ ಬೇಕರಿಗಳ ಪೊಸಿಷನಿಂಗ್ ಹೇಳಿಕೆಗಳನ್ನು, ಅಂದರೆ ಎದುರಾಳಿಗಳ ನಡುವೆ ತಮ್ಮ ಸ್ಥಾನ ಯಾವುದೆಂದು ಬರೆದುಕೊಳ್ಳುವ ವಾಕ್ಯಗಳನ್ನು, ಓದುವಾಗ ನನಗೆ ಸಂಕಟವಾಗುತ್ತದೆ. ಬಹುಪಾಲು ಹೇಳಿಕೆಗಳಲ್ಲಿ ಇರುವುದು ಇಷ್ಟೇ: “ಗ್ರಾಹಕರಿಗೆ ತಾಜಾ, ರುಚಿಕರ, ಗುಣಮಟ್ಟದ ಬ್ರೆಡ್ ಒದಗಿಸುವ ಬೇಕರಿ.” ಈ ವಾಕ್ಯದಿಂದ ಬೇಕರಿಯ ಹೆಸರನ್ನು ತೆಗೆದು ಯಾವುದಾದರೂ ದೊಡ್ಡ ಪ್ಯಾಕೆಟ್ ಬ್ರೆಡ್ ಕಂಪನಿಯ ಹೆಸರನ್ನು ಹಾಕಿ ನೋಡಿ. ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಎದುರಾಳಿಯ ಬಾಯಲ್ಲೂ ಅಷ್ಟೇ ಸಲೀಸಾಗಿ ಕೂರುವ ಮಾತು ನಿಮ್ಮ ಸ್ಥಾನವನ್ನು ಹೇಗೆ ತಾನೇ ಗುರುತಿಸುತ್ತದೆ?

ಈ ಹೇಳಿಕೆ ಗೋಡೆಯ ಮೇಲೆ ಬರೆಸುವ ಘೋಷಣೆಯಲ್ಲ, ಜಾಹೀರಾತೂ ಅಲ್ಲ. ಮಾಲೀಕರು, ಬ್ರೆಡ್ ಮಾಡುವವರು ಮತ್ತು ಕೌಂಟರಿನಲ್ಲಿ ನಿಲ್ಲುವವರು ತಮ್ಮೊಳಗೆ ಒಪ್ಪಿಕೊಳ್ಳುವ ಒಂದು ವಾಕ್ಯ. ಯಾರಿಗಾಗಿ, ಯಾವುದರ ಬದಲಿಗೆ, ಏನು ಕೊಡುತ್ತೇವೆ, ಅದನ್ನು ಏಕೆ ನಂಬಬೇಕು ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಇರಬೇಕು. ಎಲ್ಲರೂ ಮೂರನೆಯದರ ಮೇಲೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಬೇಕರಿಗೆ ಎಲ್ಲಕ್ಕಿಂತ ಕಷ್ಟದ್ದೂ ಮುಖ್ಯವಾದದ್ದೂ ಎರಡನೆಯದು. ಏಕೆಂದರೆ ಗ್ರಾಹಕರು ನಿಮ್ಮ ಬ್ರೆಡ್ಡನ್ನು ಯಾವುದರ ಪಕ್ಕ ಇಟ್ಟು ನೋಡುತ್ತಾರೋ ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಪ್ಯಾಕೆಟ್ ಬ್ರೆಡ್ ಯಾವ ಕೆಲಸಕ್ಕೆ ಹುಟ್ಟಿದೆ ಎಂಬುದನ್ನು ಮೊದಲು ಗೌರವದಿಂದ ನೋಡೋಣ. ಓವನ್‌ನಿಂದ ಬಂದ ಬ್ರೆಡ್ಡಿನ ಒಳಭಾಗ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೂ ಕಾರ್ಖಾನೆ ಕಾಯುತ್ತದೆ. ಬಿಸಿಯಿರುವಾಗ ಕತ್ತರಿಸಿದರೆ ಬಿಲ್ಲೆಗಳು ಮುದ್ದೆಯಾಗುತ್ತವೆ. ಬಿಸಿಯಿರುವಾಗ ಕಟ್ಟಿದರೆ ಚೀಲದೊಳಗೆ ಹಬೆ ನೀರಾಗಿ ಬೂಷ್ಟು ಬೇಗ ಬರುತ್ತದೆ. ಆರಿಸಿ, ಕತ್ತರಿಸಿ, ಕಟ್ಟಿ, ಲಾರಿಗೆ ಏರಿಸಿ, ಅಂಗಡಿಯ ಕಪಾಟಿಗೆ ತಲುಪಿಸಿದ ಮೇಲೂ ಅದು ಮನೆಯಲ್ಲಿ ಕೆಲವು ದಿನ ಮೆತ್ತಗಿರಬೇಕು. ಬ್ರೆಡ್ ಗಟ್ಟಿಯಾಗುವುದು ಒಣಗುವುದರಿಂದ ಮಾತ್ರವಲ್ಲ. ಬೇಯುವಾಗ ಸಡಿಲಗೊಂಡ ಪಿಷ್ಟ ಆರುತ್ತ ಆರುತ್ತ ಮತ್ತೆ ಹರಳುಗಟ್ಟುತ್ತದೆ. ಕೆಲವು ಕಿಣ್ವಗಳು ಮತ್ತು ಎಮಲ್ಸಿಫೈಯರ್‌ಗಳು ಅದನ್ನು ನಿಧಾನಗೊಳಿಸುತ್ತವೆ, ಕ್ಯಾಲ್ಸಿಯಂ ಪ್ರೊಪಿಯೊನೇಟ್ ಬೂಷ್ಟನ್ನು ತಡೆಯುತ್ತದೆ. ಇದರಲ್ಲಿ ಮೋಸವೇನಿಲ್ಲ, ಹಲವು ದಿನ ಬಾಳುವ ಬ್ರೆಡ್ ಬೇಕೆನ್ನುವವರಿಗೆ ಮಾಡಿದ ಅಚ್ಚುಕಟ್ಟಾದ ಕೆಲಸ.

ಆದರೆ ಆ ಏರ್ಪಾಡಿಗೆ ಎಟುಕದ್ದು ಒಂದಿದೆ: ಓವನ್‌ನಿಂದ ಹೊರಬಂದ ಮೊದಲ ಕೆಲವು ಗಂಟೆಗಳು. ಮುಚ್ಚಿದ ಚೀಲದಲ್ಲಿ ಒಳಗಿನ ತೇವ ಹೊರಪದರಕ್ಕೆ ಸರಿದು, ಗರಿಗರಿಯಾಗಿದ್ದದ್ದು ಮೆತ್ತಗಾಗಿ ತೊಗಲಿನಂತಾಗುತ್ತದೆ. ಎಷ್ಟು ದುಡ್ಡು ಸುರಿದರೂ ಗರಿಗರಿ ಹೊರಪದರವನ್ನು ಪ್ಲಾಸ್ಟಿಕ್ ಚೀಲದಲ್ಲಿ ದಿನಗಟ್ಟಲೆ ಉಳಿಸುವುದು ಕಷ್ಟ. ಸಣ್ಣ ಬೇಕರಿ ನಿಲ್ಲಬೇಕಾದ ನೆಲ ಇದು.

ಈಗ ಒಂದು ಬೇಕರಿಯನ್ನು ಕಲ್ಪಿಸಿಕೊಳ್ಳಿ. ಒಂದೇ ಓವನ್, ಬೆಳಿಗ್ಗೆ 7ಕ್ಕೆ ದಿನದ ಬ್ರೆಡ್ಡೆಲ್ಲ ಹೊರಬರುತ್ತದೆ. ಜನ ಹೆಚ್ಚಾಗಿ ಬರುವುದು ಕೆಲಸ ಮುಗಿಸಿ ಮರಳುವಾಗ, ಸಂಜೆ 5ರಿಂದ 7ರ ನಡುವೆ. ಅಂದರೆ “ತಾಜಾ” ಎಂದು ಬರೆದುಕೊಂಡ ಬೇಕರಿ ಕೈಗೆ ಕೊಡುತ್ತಿರುವುದು ಹತ್ತು ಹನ್ನೆರಡು ಗಂಟೆ ಹಳೆಯ ಬ್ರೆಡ್, ಅದೂ ಪ್ಲಾಸ್ಟಿಕ್ ಚೀಲದಲ್ಲಿ. ಹೊರಪದರ ಆಗಲೇ ಸೋತಿದೆ, ನಾಳಿದ್ದರ ಹೊತ್ತಿಗೆ ಒಳಭಾಗವೂ ಗಟ್ಟಿ. ಯಾವುದು ಹೆಚ್ಚು ಮೆತ್ತಗೆ ಎಂಬ ಪಂದ್ಯದಲ್ಲಿ ಪ್ಯಾಕೆಟ್ ಗೆಲ್ಲದೆ ಇನ್ನೇನು?

ಈ ಬೇಕರಿಗೆ ನಾನು ಬರೆಯುವ ಹೇಳಿಕೆ ಹೀಗಿರುತ್ತದೆ: “ಕೆಲಸದಿಂದ ಮರಳುವಾಗ ರಾತ್ರಿಯ ಊಟಕ್ಕೆ ಬ್ರೆಡ್ ಒಯ್ಯುವ ಅಕ್ಕಪಕ್ಕದ ಮನೆಗಳವರಿಗೆ, ಮನೆಯಲ್ಲಿ ಕೂಡಿಟ್ಟ ಪ್ಯಾಕೆಟ್ ಬ್ರೆಡ್ಡಿನ ಬದಲಿಗೆ, ಹೊರಪದರ ಇನ್ನೂ ಗರಿಗರಿಯಾಗಿರುವ ಬ್ರೆಡ್ಡನ್ನು ಕೊಡುತ್ತೇವೆ. ಏಕೆಂದರೆ ಅದು ಸಂಜೆ 5ಕ್ಕೆ ಇಲ್ಲೇ ಓವನ್‌ನಿಂದ ಹೊರಬರುತ್ತದೆ, ಅಂದೇ ಮಾರಿ ಮುಗಿಸುವಷ್ಟನ್ನು ಮಾತ್ರ ಸುಡುತ್ತೇವೆ.”

ಇದರಲ್ಲಿ ಅಲಂಕಾರವಿಲ್ಲ. ಆದರೆ ಇದನ್ನು ಒಪ್ಪಿದ ಮರುದಿನವೇ ಅಂಗಡಿಯ ದಿನಚರಿ ಬದಲಾಗಬೇಕು. 5ಕ್ಕೆ ಬ್ರೆಡ್ ಹೊರಬರಬೇಕಾದರೆ ಸಾಮಾನ್ಯ ಯೀಸ್ಟ್ ಹಿಟ್ಟನ್ನು ಸುಮಾರು 1 ಗಂಟೆಗೆ ಕಲಸಬೇಕು: ನಾದಲು ಕಾಲು ಗಂಟೆ, ಮೊದಲ ಉಬ್ಬುವಿಕೆಗೆ ಒಂದೂವರೆ ಗಂಟೆ, ತೂಗಿ ಆಕಾರ ಕೊಡಲು ಅರ್ಧ ಗಂಟೆ, ಎರಡನೇ ಉಬ್ಬುವಿಕೆಗೆ ಒಂದು ಗಂಟೆ, ಬೇಯಲು ಮೂವತ್ತೈದು ನಿಮಿಷ. ಬೆಳಗಿನ ಪಾಳಿಯವರನ್ನು ಸಂಜೆಯವರೆಗೂ ದುಡಿಸುವುದು ಸರಿಯಲ್ಲ. ಹಿಂದಿನ ದಿನವೇ ಕಲಸಿ ಶೀತಲ ಪೆಟ್ಟಿಗೆಯಲ್ಲಿ ನಿಧಾನವಾಗಿ ಹುದುಗಲು ಬಿಟ್ಟರೆ ಮಧ್ಯಾಹ್ನದ ಕೆಲಸ ಹಗುರಾಗುತ್ತದೆ, ರುಚಿಯೂ ಹೆಚ್ಚುತ್ತದೆ. ಪ್ಲಾಸ್ಟಿಕ್ ಹೋಗಿ ಕಾಗದದ ಚೀಲ ಬರಬೇಕು. ಕತ್ತರಿಸುವ ಯಂತ್ರವನ್ನೂ ಸಂಜೆಯ ಹೊತ್ತು ಬದಿಗಿಡಬೇಕು, ಬಿಸಿ ಬ್ರೆಡ್ಡನ್ನು ಇಡಿಯಾಗಿಯೇ ಕೊಡಬೇಕು. ಮಿಕ್ಕದ್ದು ಮರುದಿನ ಟೋಸ್ಟಿಗೋ ಬ್ರೆಡ್ ಪುಡಿಗೋ ಹೋಗಲಿ, ಸಂಜೆಯ ಬ್ರೆಡ್ಡಿನ ಪಕ್ಕ ಮಾತ್ರ ಕೂರಬಾರದು. ಒಂದು ಸಲ ನಿನ್ನೆಯದನ್ನು ಇವತ್ತಿನದರ ಜೊತೆ ಕೊಟ್ಟರೆ ಇಡೀ ವಾಕ್ಯ ಸುಳ್ಳಾಗುತ್ತದೆ.

ಮಾಲೀಕರಿಗೆ ನಿಜವಾಗಿ ನೋಯುವುದು ಬಿಟ್ಟುಕೊಡುವ ಭಾಗ. ವಾರಕ್ಕೊಮ್ಮೆ ಸಾಮಾನು ತರುವವರು, ಮಕ್ಕಳ ಡಬ್ಬಿಗೆ ಒಂದೇ ಅಳತೆಯ ಬಿಲ್ಲೆ ಬೇಕೆನ್ನುವವರು, ಎಲ್ಲಕ್ಕಿಂತ ಅಗ್ಗದ್ದನ್ನು ಹುಡುಕುವವರು, ಇವರೆಲ್ಲ ಪ್ಯಾಕೆಟ್ಟಿನ ಗಿರಾಕಿಗಳು. ಅವರನ್ನೂ ಹಿಡಿಯಲು ಹೊರಟರೆ ಮತ್ತೆ ಮೆತ್ತಗಿನ, ಬಾಳಿಕೆಯ, ಅಗ್ಗದ ಬ್ರೆಡ್ ಮಾಡಬೇಕಾಗುತ್ತದೆ. ಅದರಲ್ಲಿ ಕಾರ್ಖಾನೆಯನ್ನು ಮೀರಿಸುವ ಯಂತ್ರ ನಿಮ್ಮ ಬಳಿ ಇಲ್ಲ.

“ನಮ್ಮದರಲ್ಲಿ ಸಂರಕ್ಷಕಗಳಿಲ್ಲ” ಎಂದು ಬರೆಯೋಣ ಎನ್ನುವವರೂ ಬಹಳ. ನಾನು ಬೇಡವೆನ್ನುತ್ತೇನೆ. ದೊಡ್ಡ ಕಂಪನಿಗಳೂ ಅದೇ ಮಾತನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಬಲ್ಲವು. ಜೊತೆಗೆ, ನೀವು ಹಿಟ್ಟಿಗೆ ಬೆರೆಸುವ ಬ್ರೆಡ್ ಇಂಪ್ರೂವರ್ ಪುಡಿಯ ಚೀಲವನ್ನು ತಿರುಗಿಸಿ ಓದಿ. ಕಾರ್ಖಾನೆಯವರು ಹಾಕುವ ಕಿಣ್ವ, ಎಮಲ್ಸಿಫೈಯರ್‌ಗಳೇ ಅಲ್ಲೂ ಇರಬಹುದು. ಸಂರಕ್ಷಕವಿಲ್ಲ ಎಂಬುದು ಅಕ್ಷರಶಃ ನಿಜವಾದರೂ, ಕೇಳಿದವರು ಅರ್ಥ ಮಾಡಿಕೊಂಡದ್ದು ನಿಜವಾಗಿರುವುದಿಲ್ಲ. ಗಂಟೆಯ ಮಾತು ಹಾಗಲ್ಲ, ಗಿರಾಕಿ ಕೈಯಲ್ಲಿ ಹಿಡಿದೇ ಪರೀಕ್ಷಿಸಬಹುದು.

ಹೇಳಿಕೆ ನಾಟಿದೆಯೋ ಇಲ್ಲವೋ ಎಂದು ತಿಳಿಯಲು ಸಮೀಕ್ಷೆ ಬೇಡ. ಕೌಂಟರಿನಲ್ಲಿ ಕೇಳಿಬರುವ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಗುರುತು ಮಾಡಿ. “ಇದನ್ನು ಎಷ್ಟು ದಿನ ಇಡಬಹುದು?” ಎಂದು ಕೇಳಿದವರು ನಿಮ್ಮನ್ನು ಇನ್ನೂ ಪ್ಯಾಕೆಟ್ಟಿನ ಕಪಾಟಿನಲ್ಲೇ ಇಟ್ಟಿದ್ದಾರೆ. “ಸಂಜೆಯದು ಬಂತೇ?” ಎಂದು ಕೇಳಿದವರು ಬೇರೆ ಕಪಾಟಿಗೆ ಸರಿಸಿದ್ದಾರೆ. ಕೆಲವು ವಾರ ಕಳೆದರೂ ಮೊದಲನೆಯ ಪ್ರಶ್ನೆಯೇ ಹೆಚ್ಚಾಗಿದ್ದರೆ ಬೋರ್ಡಿನ ಬಣ್ಣ ಬದಲಿಸಬೇಡಿ. “ಯಾರಿಗಾಗಿ” ಎಂಬಲ್ಲಿಗೆ ಹಿಂದಿರುಗಿ, ನಿಮ್ಮ ಬಾಗಿಲಿಗೆ ಜನ ನಿಜವಾಗಿ ಯಾವ ಹೊತ್ತಿಗೆ ಬರುತ್ತಾರೆ ಎಂದು ಮತ್ತೊಮ್ಮೆ ಎಣಿಸಿ. ಬೆಳಗಿನ ನಡಿಗೆ ಮುಗಿಸಿ ಬರುವವರೇ ಹೆಚ್ಚಾಗಿದ್ದರೆ ನನ್ನ ಸಂಜೆ 5ರ ವಾಕ್ಯ ನಿಮಗೆ ಸಲ್ಲದು. ಅದರಲ್ಲಿನ ಗಂಟೆಯನ್ನೂ ಊಟವನ್ನೂ ಬದಲಿಸಿ, ಓವನ್ನಿನ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿ.